ಪ್ಯಾಕ್ ಹಾಕಿಸಿದರೂ ರೋಮಿಂಗ್ ಶುಲ್ಕ: ಬಿಲ್‌ನಲ್ಲಿರುವ ಎರಡು ಗಡಿಯಾರಗಳು

ಪ್ರಶ್ನೆ: ನಮ್ಮದು ಮೂರು ಸಂಖ್ಯೆಗಳ ಪೋಸ್ಟ್‌ಪೇಯ್ಡ್ ಕುಟುಂಬ ಪ್ಲಾನ್, ತಿಂಗಳಿಗೆ 999 ರೂಪಾಯಿ. ಫೆಬ್ರುವರಿಯಲ್ಲಿ ನಮ್ಮ ಯಜಮಾನರು ಕಚೇರಿ ಕೆಲಸದ ಮೇಲೆ ಸಿಂಗಪುರಕ್ಕೆ ಹೋಗಿದ್ದರು. 2,499 ರೂಪಾಯಿಯ ಐದು ದಿನಗಳ ರೋಮಿಂಗ್ ಪ್ಯಾಕ್ ಹಾಕಿಸಿದ್ದರು. ಆದರೂ ಬಿಲ್ 7,209.80 ಬಂದಿದೆ. ಪ್ಯಾಕ್ ಶುರುವಾದದ್ದು 14ರ ಬೆಳಿಗ್ಗೆ 6.31ಕ್ಕೆ ಎಂದು ಎಸ್‌ಎಂಎಸ್ ಇದೆ. ಆದರೆ ಅದೇ ದಿನ 8.50ಕ್ಕೂ ದುಡ್ಡು ಹಿಡಿದಿದ್ದಾರೆ. ಗ್ರಾಹಕ ಸೇವೆಯವರು ‘ಸಿಸ್ಟಂನಲ್ಲಿ ಎಲ್ಲ ಸರಿಯಾಗಿದೆ’ ಎನ್ನುತ್ತಾರೆ. ಇದರ ಜೊತೆಗೆ ಡೇಟಾ ಹೆಚ್ಚಾಗಿದೆ ಎಂದು 192, ನಮ್ಮ ಅತ್ತೆಯವರ ಸಂಖ್ಯೆಗೆ ಯಾವುದೋ ಸೇವೆ ಎಂದು 120 ಸೇರಿಸಿದ್ದಾರೆ. ಬಿಲ್‌ನ ಎಲ್ಲ ಪುಟಗಳನ್ನೂ ಕಳುಹಿಸಿದ್ದೇನೆ. ಇದನ್ನು ಕಟ್ಟಬೇಕೇ, ಬೇಡವೇ?

ಬನಶಂಕರಿಯ ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಕಳುಹಿಸಿದ ಪುಟಗಳನ್ನು ಸಾಲು ಸಾಲಾಗಿ ನೋಡಿದೆ. ನೀವು ಅನುಮಾನಿಸಿರುವ 8.50ರ ಸಾಲಿನಲ್ಲಿ ತಪ್ಪಿಲ್ಲ, ಅದು ನೀವು ಕಟ್ಟಬೇಕಾದ ಹಣ. ಆದರೆ ನೀವು ಗಮನಿಸದ ಇನ್ನೊಂದು ಸಾಲು 19ನೇ ತಾರೀಖಿನಲ್ಲಿದೆ. ಅದರಲ್ಲಿ ಹಿಡಿದಿರುವ 800 ರೂಪಾಯಿ ಕಂಪನಿ ವಾಪಸ್ ಕೊಡಬೇಕಾದದ್ದು. ಅತ್ತೆಯವರ 120 ರೂಪಾಯಿಯನ್ನೂ ಕೇಳಿ ಪಡೆಯಬಹುದು. 192 ರೂಪಾಯಿ ಮಾತ್ರ ನಿಮ್ಮ ಮನೆಯ ಬಳಕೆಯದ್ದೇ. ಹೀಗೆಂದು ಹೇಗೆ ಗೊತ್ತಾಯಿತು ಎಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ದೂರು ಕೊಡುವಾಗ ಇದೇ ಲೆಕ್ಕವನ್ನು ನೀವು ಅವರ ಮುಂದೆ ಇಡಬೇಕಾಗುತ್ತದೆ.

ಮೊದಲು ಒಟ್ಟು ಮೊತ್ತವನ್ನು ಬಿಡಿಸಿಕೊಳ್ಳೋಣ. ಮುಖಪುಟದಲ್ಲಿರುವ 7,209.80ರಲ್ಲಿ ತೆರಿಗೆಯೂ ಸೇರಿದೆ. ಮೊಬೈಲ್ ಸೇವೆಗೆ ಜಿಎಸ್‌ಟಿ ಶೇ 18. ನಿಮ್ಮ ಬಿಲ್ ವಿಳಾಸ ಕರ್ನಾಟಕದ್ದಾದ್ದರಿಂದ ಅದು ಕೇಂದ್ರಕ್ಕೆ 9, ರಾಜ್ಯಕ್ಕೆ 9 ಎಂದು ಎರಡು ಸಾಲುಗಳಲ್ಲಿ, ತಲಾ 549.90 ಎಂದು ಬಂದಿದೆ. ಅದನ್ನು ಕಳೆದರೆ ಉಳಿಯುವುದು 6,110 ರೂಪಾಯಿ. ಪ್ಲಾನ್ ಬಾಡಿಗೆ 999, ರೋಮಿಂಗ್ ಪ್ಯಾಕ್ 2,499, ಪ್ಯಾಕ್‌ನ ಹೊರಗಿನ ರೋಮಿಂಗ್ ಡೇಟಾ 2,300, ಹೆಚ್ಚುವರಿ ಡೇಟಾ 192, ಮೌಲ್ಯವರ್ಧಿತ ಸೇವೆ 120. ಈ ಐದನ್ನು ಕೂಡಿದರೆ ಸರಿಯಾಗಿ 6,110 ಆಗುತ್ತದೆ. ಕೂಡಿಕೆ ಸರಿ ಬಂದರೆ ಬೇರೆ ಶೀರ್ಷಿಕೆಯ ಕೆಳಗೆ ಇನ್ನೇನೂ ಅಡಗಿಲ್ಲ ಎಂದು ಖಚಿತವಾಗುತ್ತದೆ. ವಿಳಂಬ ಶುಲ್ಕ, ಹಿಂದಿನ ಬಾಕಿ ಮುಂತಾದವು ನಿಮ್ಮ ಬಿಲ್‌ನಲ್ಲಿಲ್ಲ. ಹಾಗಾಗಿ ನೋಡಬೇಕಾದದ್ದು ಮೂರೇ ಮೊತ್ತಗಳನ್ನು.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಬಿಲ್‌ನಲ್ಲಿ ‘ರೋಮಿಂಗ್’ ಎಂದು ಕಂಡ ಕೂಡಲೇ ಹೊಸೂರಿಗೋ ತಿರುಪತಿಗೋ ಹೋಗಿಬಂದದ್ದಕ್ಕೆ ಹಾಕಿದ್ದಾರೆ ಎಂದುಕೊಳ್ಳುವವರು ಈಗಲೂ ಬಹಳ. ಇಂದಿನ ಪೋಸ್ಟ್‌ಪೇಯ್ಡ್ ಪ್ಲಾನ್‌ಗಳಲ್ಲಿ ಭಾರತದೊಳಗಿನ ರೋಮಿಂಗ್‌ಗೆ ಸಾಮಾನ್ಯವಾಗಿ ಬೇರೆ ಶುಲ್ಕವಿಲ್ಲ. ಹಣ ಹಿಡಿದಿರುವ ರೋಮಿಂಗ್ ಸಾಲು ಕಂಡರೆ ಅದು ಬಹುತೇಕ ವಿದೇಶದ್ದೇ.

ಈಗ ಆ 2,300 ರೂಪಾಯಿಗೆ ಬರೋಣ. ಇದರ ವಿವರ ಮುಖಪುಟದಲ್ಲಿ ಇರುವುದಿಲ್ಲ, ಐಟಮೈಸ್ಡ್ ಬಿಲ್ ಎಂಬ ಸವಿವರ ಪಟ್ಟಿಯಲ್ಲಿ ಇರುತ್ತದೆ. ಕೆಲವು ಕಂಪನಿಗಳು ಇಮೇಲ್‌ನಲ್ಲಿ ಬರೀ ಸಾರಾಂಶ ಕಳುಹಿಸುತ್ತವೆ. ಸವಿವರ ಪಟ್ಟಿಯನ್ನು ಆ್ಯಪ್‌ನಿಂದ ಬೇರೆಯಾಗಿ ಇಳಿಸಿಕೊಳ್ಳಬೇಕು ಅಥವಾ ಕೇಳಿ ಪಡೆಯಬೇಕು. ನಿಮ್ಮ ಪುಣ್ಯ, ಅದು ನಿಮ್ಮ ಬಳಿ ಇದೆ. ಅದರಲ್ಲಿ ನೂರಾರು ಸಾಲುಗಳಿವೆ, ಹೆಚ್ಚಿನವುಗಳ ಮೊತ್ತದ ಕಾಲಂನಲ್ಲಿ 0.00 ಎಂದಿದೆ. ಅವೆಲ್ಲ ಪ್ಲಾನ್ ಅಥವಾ ಪ್ಯಾಕ್‌ನೊಳಗೆ ಆದ ಬಳಕೆ, ಓದುವ ಅಗತ್ಯವಿಲ್ಲ. ಸೊನ್ನೆಯಲ್ಲದ ಸಾಲುಗಳನ್ನು ಮಾತ್ರ ಪೆನ್ನಿನಿಂದ ಗುರುತು ಮಾಡಿಕೊಳ್ಳಿ. ನಿಮ್ಮ ಯಜಮಾನರ ಸಂಖ್ಯೆಯಲ್ಲಿ ಅಂಥವು ಐದೇ ಇವೆ. ದರ ಎಲ್ಲದಕ್ಕೂ ಒಂದೇ, ಎಂಬಿಗೆ 200 ರೂಪಾಯಿ.

14ರಂದು 06:22ಕ್ಕೆ 1.8 ಎಂಬಿ, 07:05ಕ್ಕೆ 2.7 ಎಂಬಿ, 08:50ಕ್ಕೆ 1.5 ಎಂಬಿ. ಒಟ್ಟು 6 ಎಂಬಿ, 1,200 ರೂಪಾಯಿ. 17ರಂದು 19:40ಕ್ಕೆ 1.5 ಎಂಬಿ, 300 ರೂಪಾಯಿ. 19ರಂದು 08:15ಕ್ಕೆ 4 ಎಂಬಿ, 800 ರೂಪಾಯಿ.

ಪ್ಯಾಕ್ ಎಸ್‌ಎಂಎಸ್ ಪ್ರಕಾರ ಅವಧಿ 14ರ 6.31ರಿಂದ 19ರ 6.31ರವರೆಗೆ, ಅಂದರೆ 120 ಗಂಟೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ನಿಮಗೆ ಕಂಡಂತೆಯೇ ಯಾರಿಗೂ ಕಾಣುತ್ತದೆ. 6.22ರದ್ದು ಪ್ಯಾಕ್‌ಗಿಂತ ಮೊದಲು, ಸರಿ. 7.05 ಮತ್ತು 8.50ರವು ಪ್ಯಾಕ್ ಶುರುವಾದ ಮೇಲೆ, ಆದ್ದರಿಂದ ಅನ್ಯಾಯ. 19ರ 8.15ರದ್ದು ಪ್ಯಾಕ್ ಮುಗಿದ ಮೇಲೆ, ಆದ್ದರಿಂದ ಸರಿ. ಈ ಓದು ಪೂರ್ತಿ ತಲೆಕೆಳಗಾಗಿದೆ. ಎಸ್‌ಎಂಎಸ್‌ನಲ್ಲಿರುವುದು ಭಾರತದ ಸಮಯ, ಬಿಲ್‌ನ ರೋಮಿಂಗ್ ಸಾಲುಗಳಲ್ಲಿರುವುದು ಸಿಂಗಪುರದ ಸಮಯ.

ಕಾರಣ ಹೀಗಿದೆ. ವಿದೇಶದಲ್ಲಿ ನಿಮ್ಮ ಮೊಬೈಲ್ ಅಲ್ಲಿನ ಕಂಪನಿಯ ಟವರ್ ಹಿಡಿಯುತ್ತದೆ. ಎಷ್ಟು ಬಳಸಿದಿರಿ ಎಂಬುದನ್ನು ಬರೆದುಕೊಳ್ಳುವುದು ಆ ಕಂಪನಿ, ಬರೆಯುವುದು ತನ್ನ ಗಡಿಯಾರದ ಪ್ರಕಾರ. ಆಮೇಲೆ ಈ ದಾಖಲೆಗಳು ಕಡತಗಳಾಗಿ ಇಲ್ಲಿನ ಕಂಪನಿಗೆ ಬರುತ್ತವೆ. ಬಿಲ್ಲಿಂಗ್ ವಿಭಾಗದಲ್ಲಿ ಇವನ್ನು ಟ್ಯಾಪ್ ಕಡತ ಎನ್ನುತ್ತಾರೆ. ಪ್ರತಿ ದಾಖಲೆಯ ಜೊತೆ ‘ಜಾಗತಿಕ ಸಮಯಕ್ಕಿಂತ ಇಷ್ಟು ಗಂಟೆ ಮುಂದೆ’ ಎಂಬ ಸೂಚನೆಯೂ ಇರುತ್ತದೆ. ಇಲ್ಲಿನ ಬಿಲ್ಲಿಂಗ್ ಯಂತ್ರ ಅದನ್ನು ಓದಿ, ಭಾರತದ ಸಮಯಕ್ಕೆ ಬದಲಿಸಿ, ಆ ಹೊತ್ತಿಗೆ ಪ್ಯಾಕ್ ಇತ್ತೇ ಎಂದು ನೋಡಿ ದರ ಹಾಕಬೇಕು. ಗ್ರಾಹಕರಿಗೆ ಕಳುಹಿಸುವ ಪಟ್ಟಿಯಲ್ಲಿ ಮಾತ್ರ ಅನೇಕ ವೇಳೆ ಮೂಲ ಸಮಯವೇ ಉಳಿದುಬಿಡುತ್ತದೆ.

ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಹಾಗಾಗಿ ಭಾರತದ 6.31 ಎಂದರೆ ಅಲ್ಲಿನ 9.01. ಪ್ಯಾಕ್ ಸಿಂಗಪುರದ ಲೆಕ್ಕದಲ್ಲಿ 14ರ 9.01ಕ್ಕೆ ಶುರುವಾಗಿ 19ರ 9.01ಕ್ಕೆ ಮುಗಿದಿದೆ. ಈಗ ಮತ್ತೆ ಹೊಂದಿಸಿ ನೋಡಿ. 14ರ 6.22, 7.05, 8.50 ಮೂರೂ ಪ್ಯಾಕ್‌ಗಿಂತ ಮೊದಲಿನವು. ವಿಮಾನ ಇಳಿದ ಮೇಲೆ ಮೊಬೈಲ್ ಆನ್ ಮಾಡಿ, ಹೋಟೆಲ್ ತಲುಪಿ, ಅಲ್ಲಿಂದ ಪ್ಯಾಕ್ ಹಾಕಿಸುವ ತನಕ ಹಿನ್ನೆಲೆಯಲ್ಲಿ ಇಮೇಲ್, ವಾಟ್ಸ್ಆ್ಯಪ್, ಫೋಟೊ ಬ್ಯಾಕಪ್ ನಡೆದಿರುತ್ತವೆ. ಆರು ಎಂಬಿ ಎಂದರೆ ಒಂದೆರಡು ಫೋಟೊಗಳಷ್ಟೇ. ಆದರೆ 19ರ 8.15 ಎಂಬುದು 9.01ಕ್ಕಿಂತ ಮೊದಲು. ಪ್ಯಾಕ್ ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಆ ಸಾಲಿಗೆ 0.00 ಬರಬೇಕಿತ್ತು, 800 ಬಂದಿದೆ. ಪ್ಯಾಕ್‌ನ ಡೇಟಾ ಮಿತಿ ಮೊದಲೇ ಮುಗಿದಿತ್ತೇ ಎಂದೂ ನೋಡಿದೆ. ಇಲ್ಲ, ಸೊನ್ನೆ ಸಾಲುಗಳ ಒಟ್ಟು ಮೊತ್ತ ಮಿತಿಗಿಂತ ಬಹಳ ಕಡಿಮೆ ಇದೆ.

ಗ್ರಾಹಕ ಸೇವೆಯವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಭಾವಿಸುವುದಿಲ್ಲ. ಅವರ ಪರದೆಯ ಮೇಲೂ ಇದೇ 08:15 ಮತ್ತು 6.31 ಇರುತ್ತವೆ, ಅವರೂ ನೇರವಾಗಿ ಹೋಲಿಸಿ ‘ಅವಧಿ ಮುಗಿದಿತ್ತು’ ಎನ್ನುತ್ತಾರೆ. ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಇಂಥ ದೂರು ಮೊದಲ ಹಂತದಲ್ಲೇ ಮುಚ್ಚಿಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಗ್ರಾಹಕರು ಸಮಯದ ವ್ಯತ್ಯಾಸವನ್ನು ಬರೆದು ಕೊಟ್ಟಾಗ ಮಾತ್ರ ಅದು ಲೆಕ್ಕ ತಿಳಿದವರ ಮೇಜಿಗೆ ಹೋಗುತ್ತಿತ್ತು.

ಬಿಲ್‌ನಲ್ಲಿರುವುದು ಯಾವ ದೇಶದ ಸಮಯ ಎಂಬುದನ್ನು ಊಹಿಸಬೇಡಿ, ಪರೀಕ್ಷಿಸಿ. ಕೆಲವು ಕಂಪನಿಗಳು ಭಾರತದ ಸಮಯಕ್ಕೆ ಬದಲಿಸಿಯೇ ಮುದ್ರಿಸುತ್ತವೆ. ಪರೀಕ್ಷೆ ಸುಲಭ. ನಿಮ್ಮ ಯಜಮಾನರು ಅಲ್ಲಿಂದ ನಿಮಗೆ ಸಾಮಾನ್ಯ ಕರೆ ಮಾಡಿದ್ದಾರೆ. ವಾಟ್ಸ್ಆ್ಯಪ್ ಕರೆ ಇದಕ್ಕೆ ಆಗದು, ಅದು ಬಿಲ್‌ನಲ್ಲಿ ಕರೆಯಾಗಿ ಕಾಣುವುದಿಲ್ಲ. 15ರಂದು ಬಿಲ್‌ನಲ್ಲಿ ನಿಮ್ಮ ಸಂಖ್ಯೆಗೆ 21:48ಕ್ಕೆ ಕರೆ ಎಂದಿದೆ. ನಿಮ್ಮ ಮೊಬೈಲ್‌ನ ಕರೆ ಪಟ್ಟಿ ತೆರೆದು ನೋಡಿ. ಅಲ್ಲಿ ಸಂಜೆ 7.18 ಎಂದಿದ್ದರೆ ಬಿಲ್ ಸಿಂಗಪುರದ ಸಮಯದಲ್ಲಿದೆ. ಆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ದೂರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನಾನು ಸಿಂಗಪುರದ ಸಮಯ ಎಂದು ತೀರ್ಮಾನಿಸಿದ್ದು ಬೇರೊಂದು ಸಾಲಿನಿಂದ. ವಿಮಾನದ ಟಿಕೆಟ್ ಪ್ರಕಾರ ಅವರು ಇಳಿದದ್ದು ಸಿಂಗಪುರದ 6.10ಕ್ಕೆ, ಅಂದರೆ ಭಾರತದ 3.40ಕ್ಕೆ. ಮೊದಲ ಡೇಟಾ ಸಾಲು 06:22 ಎಂದಿದೆ. ಇಳಿದ ಹನ್ನೆರಡು ನಿಮಿಷಕ್ಕೆ ಮೊಬೈಲ್ ಟವರ್ ಹಿಡಿಯುವುದು ಸಹಜ. ಅದು ಭಾರತದ ಸಮಯವಾಗಿದ್ದರೆ ಸುಮಾರು ಎರಡು ಮುಕ್ಕಾಲು ಗಂಟೆ ಮೊಬೈಲ್ ಸುಮ್ಮನಿತ್ತು ಎಂದಾಗುತ್ತದೆ. ನಿಮ್ಮ ಕರೆ ಪಟ್ಟಿ ಇದನ್ನು ಖಚಿತಪಡಿಸಬೇಕು. ಹೊಂದದಿದ್ದರೆ ದಯವಿಟ್ಟು ದೂರು ಕೊಡುವ ಮೊದಲು ನನಗೆ ಮತ್ತೆ ಬರೆಯಿರಿ.

ಉಳಿದದ್ದು 17ರ ಸಂಜೆಯ 300 ರೂಪಾಯಿ. ಅಲ್ಲಿ ಸಮಯದ ಪ್ರಶ್ನೆಯಿಲ್ಲ, ಪ್ಯಾಕ್ ಚಾಲ್ತಿಯಲ್ಲೇ ಇತ್ತು. ಸಮಯದ ಪಕ್ಕದ ನೆಟ್‌ವರ್ಕ್ ಕಾಲಂ ನೋಡಿ, ಆ ಒಂದು ಸಾಲಿನಲ್ಲಿ ಮಾತ್ರ ಮಲೇಷ್ಯಾದ ಕಂಪನಿಯ ಹೆಸರಿದೆ. ಅಂದು ಅವರು ವುಡ್‌ಲ್ಯಾಂಡ್ಸ್ ಕಡೆ ಹೋಗಿದ್ದರೇ ಎಂದು ಕೇಳಿ. ಸಿಂಗಪುರದ ಆ ಉತ್ತರದ ಅಂಚಿನಿಂದ ಕಿರಿದಾದ ಜಲಸಂಧಿಯ ಆಚೆಗೇ ಮಲೇಷ್ಯಾದ ಜೊಹೋರ್ ಬಾರು. ಆಚೆ ದಡದ ಟವರ್ ಬಲವಾಗಿದ್ದರೆ ಮೊಬೈಲ್ ಅದನ್ನೇ ಹಿಡಿಯುತ್ತದೆ, ಗಡಿ ಅದಕ್ಕೆ ತಿಳಿಯುವುದಿಲ್ಲ. ನೀವು ತೆಗೆದುಕೊಂಡ ಪ್ಯಾಕ್‌ನ ದೇಶಗಳ ಪಟ್ಟಿಯಲ್ಲಿ ಮಲೇಷ್ಯಾ ಇಲ್ಲ. ನಿಯಮದ ಪ್ರಕಾರ ಈ ಶುಲ್ಕ ತಪ್ಪಲ್ಲ. ಆದರೂ ‘ಗ್ರಾಹಕರು ಸಿಂಗಪುರ ಬಿಟ್ಟು ಹೋಗಿಲ್ಲ, ಪಾಸ್‌ಪೋರ್ಟ್‌ನಲ್ಲಿ ಮಲೇಷ್ಯಾ ಪ್ರವೇಶವಿಲ್ಲ’ ಎಂದು ವಿನಂತಿಸಿದರೆ ಬಿಟ್ಟುಕೊಡುವ ಸಾಧ್ಯತೆ ಉಂಟು. ಇದನ್ನು ಹಕ್ಕಿನ ಬೇಡಿಕೆಯೊಂದಿಗೆ ಬೆರೆಸಬೇಡಿ, ಬೇರೆಯಾಗಿ ಕೇಳಿ. ಬೆರೆಸಿದರೆ ಈ ದುರ್ಬಲ ಭಾಗವನ್ನು ತೋರಿಸಿ ಇಡೀ ದೂರನ್ನೇ ತಳ್ಳಿಹಾಕುವುದು ಸುಲಭವಾಗುತ್ತದೆ. ವಿಮಾನದೊಳಗಿನ ಮತ್ತು ಹಡಗಿನ ಮೊಬೈಲ್ ನೆಟ್‌ವರ್ಕ್‌ಗಳದ್ದೂ ಇದೇ ಕಥೆ, ದರ ಇನ್ನೂ ಹೆಚ್ಚು. ಸಾಮಾನ್ಯ ದೇಶದ ಪ್ಯಾಕ್ ಅವುಗಳಿಗೆ ಅನ್ವಯಿಸುತ್ತದೆ ಎಂದು ಭಾವಿಸಲೇಬಾರದು.

ಒಂದು ಎಚ್ಚರಿಕೆ. ಟ್ಯಾಪ್ ಕಡತಗಳು ಕೆಲವೊಮ್ಮೆ ತಡವಾಗಿ ಬರುತ್ತವೆ. ಈ ಪ್ರಯಾಣದ ಒಂದೆರಡು ಸಾಲುಗಳು ಮುಂದಿನ ಬಿಲ್‌ನಲ್ಲಿ ಕಾಣಿಸಿಕೊಂಡರೆ ಗಾಬರಿಯಾಗಬೇಡಿ, ತಾರೀಖು ನೋಡಿ ಇದೇ ರೀತಿ ಹೊಂದಿಸಿ. ಪ್ಯಾಕ್ ಶುರುವಾದ ಮತ್ತು ಮುಗಿದ ಎಸ್‌ಎಂಎಸ್‌ಗಳನ್ನು ಅಲ್ಲಿಯವರೆಗೆ ಅಳಿಸಬೇಡಿ.

ಇನ್ನು 192 ರೂಪಾಯಿಯ ಹೆಚ್ಚುವರಿ ಡೇಟಾ. ನಿಮ್ಮ ಮೂರೂ ಸಂಖ್ಯೆಗಳಿಗೆ ಸೇರಿ ತಿಂಗಳಿಗೆ 75 ಜಿಬಿ ಇದೆ, ಆಮೇಲೆ ಎಂಬಿಗೆ 2 ಪೈಸೆ. 192 ರೂಪಾಯಿಯನ್ನು 2 ಪೈಸೆಯಿಂದ ಭಾಗಿಸಿದರೆ 9,600 ಎಂಬಿ, ಅಂದರೆ ಸುಮಾರು 9.4 ಜಿಬಿ. ಸವಿವರ ಪಟ್ಟಿಯಲ್ಲಿ ಮೂರೂ ಸಂಖ್ಯೆಗಳ ದೇಶೀಯ ಡೇಟಾ ಕೂಡಿದರೆ 84.4 ಜಿಬಿ ಬರುತ್ತದೆ. ಲೆಕ್ಕ ಸರಿಯಿದೆ. ಇದೇ 9.4 ಜಿಬಿ ರೋಮಿಂಗ್ ದರದಲ್ಲಿ ಆಗಿದ್ದರೆ ಹತ್ತೊಂಬತ್ತು ಲಕ್ಷ ದಾಟುತ್ತಿತ್ತು. ಬಿಲ್ ಓದುವಾಗ ರೋಮಿಂಗ್ ಪುಟವನ್ನೇ ಮೊದಲು ತೆರೆಯಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಹೆಚ್ಚಾದದ್ದು ಯಾರಿಂದ ಎಂಬ ಪ್ರಶ್ನೆಗೆ ಉತ್ತರ ಮೊತ್ತದ ಕಾಲಂನಲ್ಲಿ ಸಿಗುವುದಿಲ್ಲ. ಹಂಚಿಕೊಂಡ ಪ್ಲಾನ್‌ನಲ್ಲಿ ಮಿತಿ ಮುಗಿದ ಮೇಲೆ ಯಾರು ಬಳಸಿದರೋ ಅವರ ಸಂಖ್ಯೆಗೆ ಶುಲ್ಕ ಬೀಳುತ್ತದೆ, ಮಿತಿಯನ್ನು ಖಾಲಿ ಮಾಡಿದವರು ಬೇರೆಯೇ ಇರಬಹುದು. ನಿಮ್ಮಲ್ಲಿ ಶುಲ್ಕ ಬಿದ್ದಿರುವುದು ನಿಮ್ಮ ಸಂಖ್ಯೆಗೆ, ಆದರೆ ಅರ್ಧಕ್ಕಿಂತ ಹೆಚ್ಚು ಬಳಕೆ ಅತ್ತೆಯವರ ಸಂಖ್ಯೆಯಲ್ಲಿದೆ. ಅದರಲ್ಲಿ ರಾತ್ರಿ 2.40ರಂಥ ಸಾಲುಗಳನ್ನು ಕಂಡು ‘ಆ ಹೊತ್ತಿನಲ್ಲಿ ಅವರು ಮಲಗಿರುತ್ತಾರೆ’ ಎಂದು ಬರೆದಿದ್ದೀರಿ. ಮೊಬೈಲ್ ಡೇಟಾ ಸಂಪರ್ಕ ದಿನವಿಡೀ ತೆರೆದೇ ಇರುತ್ತದೆ. ದೀರ್ಘ ಸಂಪರ್ಕವನ್ನು ನೆಟ್‌ವರ್ಕ್ ತನ್ನ ಅನುಕೂಲಕ್ಕೆ ತುಂಡು ಮಾಡಿ ಬರೆಯುತ್ತದೆ, ಒಂದು ತುಂಡು ರಾತ್ರಿ 2.40ಕ್ಕೆ ಶುರುವಾಗಬಹುದು. ಮೊಬೈಲ್ ಸುಮ್ಮನೆ ಮೇಜಿನ ಮೇಲಿದ್ದರೂ ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುತ್ತವೆ. ಆ ಸಾಲು ಕಳವಿನ ಸುಳಿವಲ್ಲ. ಮನೆಯ ವೈಫೈ ಅವರ ಮೊಬೈಲ್‌ನಲ್ಲಿ ಬಿಟ್ಟುಹೋಗಿದೆಯೇ ಎಂದು ಮಾತ್ರ ನೋಡಿ. ಪಾಸ್‌ವರ್ಡ್ ಬದಲಿಸಿದ ಮೇಲೆ ಹಿರಿಯರ ಮೊಬೈಲ್‌ಗೆ ಅದನ್ನು ಹಾಕಲು ಮರೆಯುವುದು ಬಹಳ ಮನೆಗಳಲ್ಲಿ ನಡೆಯುತ್ತದೆ.

ನಿಮ್ಮ ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ 61 ಜಿಬಿ ಎಂದಿದೆ, ಬಿಲ್‌ನಲ್ಲಿ ಬೇರೆ ಅಂಕಿ ಇದೆ ಎಂದಿದ್ದೀರಿ. ಎರಡೂ ಬೇರೆ ಅವಧಿಯನ್ನು ಎಣಿಸುತ್ತಿವೆ. ಆಂಡ್ರಾಯ್ಡ್ ಮೊಬೈಲ್ ಸಾಮಾನ್ಯವಾಗಿ ತಿಂಗಳ 1ರಿಂದ ಎಣಿಸುತ್ತದೆ, ನಿಮ್ಮ ಬಿಲ್ ಅವಧಿ 5ರಿಂದ 4ರವರೆಗೆ. ಸೆಟ್ಟಿಂಗ್ಸ್‌ನ ಡೇಟಾ ಬಳಕೆ ಭಾಗದಲ್ಲಿ ಆರಂಭದ ದಿನವನ್ನು 5ಕ್ಕೆ ಬದಲಿಸಿ. ಐಫೋನ್ ಆದರೆ ಎಣಿಕೆ ತಾನಾಗಿ ಸೊನ್ನೆಗೆ ಬರುವುದಿಲ್ಲ, ನಾವೇ ರೀಸೆಟ್ ಮಾಡುವ ತನಕ ಕೂಡುತ್ತಲೇ ಹೋಗುತ್ತದೆ.

ಅತ್ತೆಯವರ 120 ರೂಪಾಯಿ ಚಿಕ್ಕ ಮೊತ್ತ, ಆದರೆ ಮೂರರಲ್ಲಿ ನನಗೆ ಹೆಚ್ಚು ಸಿಟ್ಟು ಬರಿಸುವುದು ಇದೇ. 7, 14, 21, 28ನೇ ತಾರೀಖುಗಳಲ್ಲಿ ತಲಾ 30 ರೂಪಾಯಿ. ವಾರಕ್ಕೊಮ್ಮೆ ನವೀಕರಣವಾಗುವ ಯಾವುದೋ ಗೇಮ್ ಸೇವೆ. ಅವರು ಕೇಳಿಯೇ ಇಲ್ಲ ಎನ್ನುತ್ತಾರೆ, ನಾನು ಅದನ್ನು ನಂಬುತ್ತೇನೆ.

ಇದು ಹೇಗೆ ಅಂಟಿಕೊಳ್ಳುತ್ತದೆ ಎಂದರೆ, ಮೊಬೈಲ್ ಡೇಟಾ ಮೂಲಕ ಕೆಲವು ಪುಟಗಳನ್ನು ತೆರೆದಾಗ ಕಂಪನಿಯ ನೆಟ್‌ವರ್ಕ್ ಆ ಪುಟದವರಿಗೆ ನಿಮ್ಮ ಸಂಖ್ಯೆಯನ್ನು ಗುರುತಿಸಿ ಕೊಡಬಲ್ಲದು. ನೀವು ಸಂಖ್ಯೆ ಬರೆಯಬೇಕಿಲ್ಲ, ಕಾರ್ಡ್ ವಿವರ ಬೇಕಿಲ್ಲ, ಓಟಿಪಿ ಕೂಡ ಬಾರದಿರಬಹುದು. ಜಾಹೀರಾತಿನ ಮೇಲೆ ಬೆರಳು ತಾಗಿ, ಮುಂದಿನ ಪುಟದಲ್ಲಿ ‘ಮುಂದುವರಿಸಿ’ ಎಂಬಲ್ಲಿ ಇನ್ನೊಮ್ಮೆ ತಾಗಿದರೆ ಒಪ್ಪಿಗೆ ಎಂದು ದಾಖಲಾಗುತ್ತದೆ. ಹಣ ಬಿಲ್‌ಗೆ ಸೇರುತ್ತದೆ. ವೈಫೈನಲ್ಲಿದ್ದರೆ ಹೀಗೆ ಸಂಖ್ಯೆ ಸಿಗುವುದಿಲ್ಲ. ಅವರ ಮೊಬೈಲ್ ವೈಫೈ ಬಿಟ್ಟು ಡೇಟಾದಲ್ಲೇ ಇತ್ತು ಎಂಬುದನ್ನು ಈಗಷ್ಟೇ ನೋಡಿದೆವು. ಮೊಮ್ಮಗ ಅದರಲ್ಲಿ ಆಡುತ್ತಿದ್ದರೆ ದಾರಿ ಇನ್ನೂ ಸುಲಭ.

ಆದರೆ ಬೆರಳು ತಾಗಿತು ಎಂಬುದೇ ಒಪ್ಪಿಗೆಯಾಗದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರ ಜುಲೈನಲ್ಲಿ ನೀಡಿದ ನಿರ್ದೇಶನದ ಪ್ರಕಾರ ಇಂಥ ಸೇವೆ ಶುರು ಮಾಡುವ ಮೊದಲು ಗ್ರಾಹಕರಿಂದ ಎರಡು ಬಾರಿ ಸ್ಪಷ್ಟ ಒಪ್ಪಿಗೆ ಪಡೆಯಬೇಕು. ಎರಡನೆಯ ಒಪ್ಪಿಗೆ ಸೇವೆ ಮಾರುವವರ ಕೈಯಲ್ಲಿ ಇರಕೂಡದು. ಹಾಗಾಗಿ ‘ನಾವು ಹಾಕಿಸಿಲ್ಲ’ ಎಂದು ವಾದಿಸುವ ಬದಲು ಕಂಪನಿಯನ್ನು ಒಂದೇ ಪ್ರಶ್ನೆ ಕೇಳಿ: ಎರಡನೆಯ ಒಪ್ಪಿಗೆ ಯಾವ ದಿನ, ಎಷ್ಟು ಗಂಟೆಗೆ, ಎಸ್‌ಎಂಎಸ್‌ನಲ್ಲೋ ಕರೆಯಲ್ಲೋ ಪುಟದಲ್ಲೋ ದಾಖಲಾಗಿದೆ, ಅದರ ಪ್ರತಿ ಕೊಡಿ. ದಾಖಲೆ ಇಲ್ಲದಿದ್ದರೆ ಅಥವಾ ಅರೆಬರೆ ಇದ್ದರೆ ಹಣ ವಾಪಸ್ ಬರುತ್ತದೆ. ನನ್ನ ಅನುಭವದಲ್ಲಿ ಈ ಪ್ರಶ್ನೆ ಕೇಳಿದ ಮೇಲೆ ವಾದ ಮುಂದುವರಿಯುವುದೇ ಅಪರೂಪ.

ಮೊದಲು ಸೇವೆಯನ್ನು ನಿಲ್ಲಿಸಿ, ಇಲ್ಲದಿದ್ದರೆ ಮುಂದಿನ ವಾರ ಇನ್ನೊಂದು 30 ಸೇರುತ್ತದೆ. ಅತ್ತೆಯವರ ಮೊಬೈಲ್‌ನಿಂದಲೇ 155223ಕ್ಕೆ ಕರೆ ಮಾಡಿ ಅಥವಾ `STOP` ಎಂದು ಎಸ್‌ಎಂಎಸ್ ಕಳುಹಿಸಿ. ಈ ಸಂಖ್ಯೆ ಎಲ್ಲ ಕಂಪನಿಗಳಿಗೂ ಒಂದೇ, ಉಚಿತ. ಚಾಲ್ತಿಯಲ್ಲಿರುವ ಸೇವೆಗಳ ಪಟ್ಟಿ ಬರುತ್ತದೆ, ಅದನ್ನು ಉಳಿಸಿಕೊಂಡು ಆಮೇಲೆ ನಿಲ್ಲಿಸಿ. ಆ ಸಂಖ್ಯೆಗೆ ಮುಂದೆ ಯಾವ ಮೌಲ್ಯವರ್ಧಿತ ಸೇವೆಯೂ ಸೇರದಂತೆ ತಡೆ ಹಾಕಿ ಎಂದೂ ಕಂಪನಿಯನ್ನು ಕೇಳಿ. ಹಿಂದಿನ ಬಿಲ್‌ಗಳಲ್ಲೂ ಇದೇ 30ರ ಸಾಲು ಇದೆಯೇ ಎಂದು ನೋಡಿ. 120 ಎಂಬುದು ಈ ತಿಂಗಳದ್ದು ಮಾತ್ರ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಕಟ್ಟಬೇಕೇ ಬೇಡವೇ. ವಿವಾದದ ಮೊತ್ತ 800 ಮತ್ತು 120, ಒಟ್ಟು 920. ಅದರ ಮೇಲಿನ ತೆರಿಗೆ 165.60 ಸೇರಿ 1,085.60. ತೆರಿಗೆಯನ್ನು ಕೇಳಲು ಜನ ಮರೆಯುತ್ತಾರೆ, ಶುಲ್ಕ ತಪ್ಪಾದರೆ ಅದರ ತೆರಿಗೆಯೂ ತಪ್ಪೇ. ಉಳಿದ 6,124.20 ಯಾವ ತಕರಾರೂ ಇಲ್ಲದ ಹಣ.

ಏನೂ ಕಟ್ಟದೆ ಕೂರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ವಿಳಂಬ ಶುಲ್ಕ ಬೀಳುತ್ತದೆ, ಹೊರಹೋಗುವ ಕರೆ ನಿಲ್ಲುತ್ತದೆ, ಬಾಕಿ ಇದ್ದರೆ ಸಂಖ್ಯೆಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಲೂ ಆಗದು. ಬಾಕಿಯ ವಿವರ ಕ್ರೆಡಿಟ್ ಬ್ಯೂರೊ ತಲುಪುವ ಅಪಾಯವೂ ಇದೆ. ತಕರಾರಿಲ್ಲದ 6,124.20 ಮಾತ್ರ ಕಟ್ಟುವುದು ನ್ಯಾಯವಾದ ದಾರಿ. ಆದರೆ ಕಂಪನಿಯ ಯಂತ್ರಕ್ಕೆ ಉಳಿದದ್ದು ವಿವಾದದ ಹಣವೋ ಬಾಕಿಯೋ ತಿಳಿಯದು. ಆ ಮೊತ್ತವನ್ನು ವಿವಾದಿತ ಎಂದು ಗುರುತು ಮಾಡಿಸಿ, ಹಾಗೆ ಮಾಡಿದ್ದಕ್ಕೆ ಲಿಖಿತ ಉತ್ತರ ಪಡೆದಿದ್ದರೆ ಮಾತ್ರ ಇದು ಸುರಕ್ಷಿತ. ಮೂರನೆಯದು ಪೂರ್ತಿ ಕಟ್ಟಿ ಹಣ ವಾಪಸ್ ಕೇಳುವುದು. ನಿಮ್ಮ ವಿಷಯದಲ್ಲಿ ನಾನು ಇದನ್ನೇ ಸೂಚಿಸುತ್ತೇನೆ. ಮೊತ್ತ ಸಾವಿರದ ಆಸುಪಾಸು, ಮೂವರ ಬ್ಯಾಂಕ್ ಓಟಿಪಿಗಳು ಈ ಸಂಖ್ಯೆಗಳಿಗೇ ಬರುತ್ತವೆ, ಸೇವೆ ನಿಂತರೆ ಆಗುವ ತೊಂದರೆ ಸಾವಿರಕ್ಕಿಂತ ದೊಡ್ಡದು. ಕಟ್ಟಿದ ಮಾತ್ರಕ್ಕೆ ತಪ್ಪೊಪ್ಪಿಕೊಂಡಂತೆ ಆಗುವುದಿಲ್ಲ. ವಿವಾದ 20,000 ರೂಪಾಯಿಯದ್ದಾಗಿದ್ದರೆ ನನ್ನ ಸಲಹೆ ಬೇರೆ ಇರುತ್ತಿತ್ತು. ಆಗ ಎರಡನೆಯ ದಾರಿಯೇ ಸರಿ, ಅಷ್ಟು ಹಣವನ್ನು ತಿಂಗಳುಗಟ್ಟಲೆ ಅವರ ಬಳಿ ಬಿಟ್ಟಿರಲು ಆಗದು.

ದೂರನ್ನು 198ಕ್ಕೆ ಕರೆ ಮಾಡಿ ಅಥವಾ ಕಂಪನಿಯ ಆ್ಯಪ್‌ನಲ್ಲಿ ದಾಖಲಿಸಿ, ಡಾಕೆಟ್ ಸಂಖ್ಯೆ ಪಡೆಯದೆ ಮುಗಿಸಬೇಡಿ. ಡಾಕೆಟ್ ಇಲ್ಲದ ಮಾತುಕತೆ ದೂರು ಎಂದು ಎಣಿಕೆಯಾಗುವುದೇ ಇಲ್ಲ. ರೋಮಿಂಗ್‌ಗೆ ಒಂದು, ಮೌಲ್ಯವರ್ಧಿತ ಸೇವೆಗೆ ಒಂದು ಎಂದು ಎರಡು ಪ್ರತ್ಯೇಕ ದೂರು ಕೊಡಿ, ಏಕೆಂದರೆ ಅವನ್ನು ನೋಡುವ ವಿಭಾಗಗಳು ಬೇರೆ. ರೋಮಿಂಗ್ ದೂರನ್ನು ಹೀಗೆ ಬರೆಯಬಹುದು:

“ಫೆಬ್ರುವರಿ 19ರ 08:15ರ 4 ಎಂಬಿ ರೋಮಿಂಗ್ ಡೇಟಾಗೆ 800 ರೂಪಾಯಿ ಮತ್ತು ತೆರಿಗೆ ಹಾಕಲಾಗಿದೆ. ಬಿಲ್‌ನಲ್ಲಿರುವುದು ಸಿಂಗಪುರದ ಸಮಯ, ಭಾರತದಲ್ಲಿ ಅದು 05:45. ಪ್ಯಾಕ್ ಭಾರತದ 06:31ರವರೆಗೆ ಚಾಲ್ತಿಯಲ್ಲಿತ್ತು, ಡೇಟಾ ಮಿತಿ ಮುಗಿದಿರಲಿಲ್ಲ. 15ರ ಕರೆಯ ಸಮಯ ಬಿಲ್‌ನಲ್ಲಿ 21:48, ನನ್ನ ಮೊಬೈಲ್‌ನಲ್ಲಿ 19:18. ಎರಡರ ಚಿತ್ರವನ್ನೂ ಲಗತ್ತಿಸಿದ್ದೇನೆ. ಮೂಲ ದಾಖಲೆಯ ಸಮಯ ಸೂಚನೆಯನ್ನು ಪರಿಶೀಲಿಸಿ 944 ರೂಪಾಯಿ ಹಿಂದಿರುಗಿಸಬೇಕು.”

ಉತ್ತರ ತೃಪ್ತಿ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಬರೆಯಿರಿ, ಶುಲ್ಕವಿಲ್ಲ. ಅವರು 39 ದಿನಗಳಲ್ಲಿ ತೀರ್ಮಾನಿಸಬೇಕು. ಟ್ರಾಯ್‌ಗೆ ನೇರವಾಗಿ ಬರೆದು ಕಾಯಬೇಡಿ, ಅದು ಒಬ್ಬೊಬ್ಬರ ಬಿಲ್ ವಿವಾದವನ್ನು ತೀರ್ಮಾನಿಸುವುದಿಲ್ಲ. ಮೇಲ್ಮನವಿಯಲ್ಲೂ ಆಗದಿದ್ದರೆ ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. ಮೊಬೈಲ್ ಕಂಪನಿಗಳ ವಿರುದ್ಧದ ದೂರನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಸಾವಿರ ರೂಪಾಯಿಗೆ ಅಲ್ಲಿಯವರೆಗೆ ಹೋಗುವ ಪ್ರಮೇಯ ಬರಲಾರದು. ಸಮಯದ ಲೆಕ್ಕ ಕೈಯಲ್ಲಿರುವಾಗ ಇದು ಮೇಲ್ಮನವಿಯೊಳಗೇ ಮುಗಿಯಬೇಕು.

ಹಣ ವಾಪಸ್ ಎಂದರೆ ಸಾಮಾನ್ಯವಾಗಿ ಬ್ಯಾಂಕ್‌ಗೆ ಬರುವುದಿಲ್ಲ, ಮುಂದಿನ ಬಿಲ್‌ನಲ್ಲಿ ಹೊಂದಾಣಿಕೆ ಎಂದು ಕಳೆಯಲಾಗುತ್ತದೆ. ಆ ಬಿಲ್ ಬಂದಾಗ 944 ಮತ್ತು 141.60 ಪೂರ್ತಿಯಾಗಿ ಕಳೆದಿದ್ದಾರೆಯೇ, ಅಥವಾ ತೆರಿಗೆ ಬಿಟ್ಟು 800 ಮತ್ತು 120 ಮಾತ್ರ ಕಳೆದಿದ್ದಾರೆಯೇ ಎಂದು ನೋಡಿಕೊಳ್ಳಿ.